ಖಾಲಿ ಮಷಿನ್ ಸಂಬಳ ಉಳಿಸುವುದಿಲ್ಲ

"ಆಪರೇಟರ್ ಬಿಟ್ಟು ಇಪ್ಪತ್ತು ದಿನ ಆಯ್ತು ಮೇಡಂ. ಇರ್ಲಿ ಬಿಡಿ, ಅಷ್ಟು ದಿನದ ಸಂಬಳ ಉಳೀತು."

ಸಣ್ಣ ಕಾರ್ಖಾನೆಗಳ ಹಾಜರಿ, ಸಂಬಳ, ಪಿಎಫ್ ಲೆಕ್ಕ ನೋಡುವುದು ನನ್ನ ಕೆಲಸ. ಈ ಮಾತನ್ನು ನಾನು ಕೇಳದ ತಿಂಗಳಿಲ್ಲ. ಒಂದೊಂದು ರೂಪಾಯಿಗೂ ಲೆಕ್ಕ ಇಡುವ ಮಾಲೀಕರು, ಲೋಹ ಕತ್ತರಿಸುವ ಇನ್ಸರ್ಟ್ ಒಂದು ಹೆಚ್ಚು ಮುರಿದರೆ ಸೂಪರ್‌ವೈಸರ್‌ನ್ನು ಕರೆದು ಕೇಳುವವರು, ಈ ಒಂದು ಜಾಗದಲ್ಲಿ ಮಾತ್ರ ಲೆಕ್ಕ ತಪ್ಪುತ್ತಾರೆ. ನನಗೆ ನಿಜಕ್ಕೂ ಬೇಜಾರಾಗುತ್ತದೆ. ಯಾಕೆಂದರೆ ನಷ್ಟ ಅವರದ್ದೇ.

ಪೀಣ್ಯದ ಒಂದು ಟರ್ನಿಂಗ್ ಶಾಪ್‌ನ ಲೆಕ್ಕ ಹೇಳುತ್ತೇನೆ. ಗುರುತು ಸಿಗದ ಹಾಗೆ ಅಂಕಿಗಳನ್ನು ಸ್ವಲ್ಪ ಬದಲಿಸಿ ದುಂಡಗೆ ಮಾಡಿದ್ದೇನೆ. 5 ಸಿಎನ್‌ಸಿ ಲೇತ್, ದಿನಕ್ಕೆ 2 ಶಿಫ್ಟ್, ಹಾಗಾಗಿ 10 ಆಪರೇಟರ್‌ಗಳು. 8 ಹೆಲ್ಪರ್‌ಗಳು. ಸೆಟ್ಟರ್, ಕ್ವಾಲಿಟಿ, ಸ್ಟೋರ್ಸ್, ಆಫೀಸು ಎಲ್ಲ ಸೇರಿ ಇನ್ನೂ 12 ಮಂದಿ. ಒಟ್ಟು 30. ಏಪ್ರಿಲ್‌ನಿಂದ ಮಾರ್ಚ್‌ವರೆಗೆ 15 ಮಂದಿ ಬಿಟ್ಟರು, 15 ಮಂದಿ ಸೇರಿದರು.

ಅಟ್ರಿಷನ್ ದರ ತೆಗೆಯುವುದು ಸುಲಭ. ವರ್ಷದಲ್ಲಿ ಬಿಟ್ಟವರ ಸಂಖ್ಯೆಯನ್ನು ಸರಾಸರಿ ಸಿಬ್ಬಂದಿಯಿಂದ ಭಾಗಿಸಿ 100ರಿಂದ ಗುಣಿಸಿದರೆ ಆಯಿತು. ಸರಾಸರಿಗೆ 12 ತಿಂಗಳ ಕೊನೆಯ ಸಂಖ್ಯೆ ಕೂಡಿ 12ರಿಂದ ಭಾಗಿಸಿ. ಮಾರ್ಚ್ 31ರ ಸಂಖ್ಯೆ ಒಂದನ್ನೇ ಹಿಡಿಯಬೇಡಿ. ಇಲ್ಲಿ 15 ಭಾಗಿಸು 30, ಅಂದರೆ ಶೇ. 50.

ಒಂದು ಎಚ್ಚರಿಕೆ. ಬಿಟ್ಟವರ ಸಂಖ್ಯೆಯನ್ನು ತಿಂಗಳು ತಿಂಗಳು ಪಿಎಫ್‌ಗೆ ಕಳಿಸುವ ಇಸಿಆರ್ ಫೈಲ್‌ನಿಂದ ಮಾತ್ರ ಎಣಿಸಿದರೆ ಎಷ್ಟೋ ಕಡೆ ಕಮ್ಮಿ ಬರುತ್ತದೆ. ಕೆಲಸಕ್ಕೆ ಸೇರಿದ ದಿನದಿಂದಲೇ ಪಿಎಫ್ ಕಟ್ಟಬೇಕು, ಆದರೆ "ಒಂದು ತಿಂಗಳು ನಿಲ್ತಾನಾ ನೋಡೋಣ" ಅಂತ ಹೆಸರು ಸೇರಿಸದೆ ಬಿಡುವವರಿದ್ದಾರೆ. ಕಾನೂನಿನ ತೊಂದರೆ ಒಂದು ಕಡೆ. ಇನ್ನೊಂದು ಕಡೆ, ಹತ್ತು ದಿನ ಬಂದು ಹೋದವನು ಲೆಕ್ಕಕ್ಕೇ ಸಿಗುವುದಿಲ್ಲ. ಹಾಜರಿ ಪುಸ್ತಕ ತೆಗೆದು ಎಣಿಸಿ. ಈ ಶಾಪ್‌ನಲ್ಲೂ ಇಸಿಆರ್‌ನಲ್ಲಿ 9 ಮಂದಿ ಮಾತ್ರ ಬಿಟ್ಟವರಿದ್ದರು. ಉಳಿದ 6 ಹೆಸರು ಸಿಕ್ಕಿದ್ದು ಹಾಜರಿ ಪುಸ್ತಕದಲ್ಲಿ.

ಶೇ. 50 ಅಂದಾಗ ಮಾಲೀಕರು ಗಾಬರಿಯಾದರು. "ಅರ್ಧ ಜನ ಹೋದ್ರಾ? ಹಾಗಾದ್ರೆ ಎಲ್ಲರಿಗೂ ಎರಡು ಸಾವಿರ ಏರಿಸಿಬಿಡೋಣ ಮೇಡಂ" ಅಂದರು. ಅರ್ಧ ಜನ ಹೋಗಿಲ್ಲ ಸರ್, ಅಂದೆ. ಹಾಜರಿ ಪುಸ್ತಕದಲ್ಲಿ ಏಪ್ರಿಲ್ 1ರಂದು ಇದ್ದ 30 ಮಂದಿಯಲ್ಲಿ 24 ಮಂದಿ ಮಾರ್ಚ್ ಕೊನೆಗೂ ಇದ್ದರು. ಬಿಟ್ಟ 15ರಲ್ಲಿ 6 ಮಂದಿ ಮಾತ್ರ ಹಳಬರು. ಉಳಿದ 9 ಮಂದಿ ಅದೇ ವರ್ಷ ಸೇರಿ ಅದೇ ವರ್ಷ ಬಿಟ್ಟವರು, ಅದೂ ಮೂರು ತಿಂಗಳೊಳಗೆ.

ಯಾರು ಯಾವ ಜಾಗದಿಂದ ಹೋದರು ಅಂತ ಬರೆಸಿದೆ. 4 ಆಪರೇಟರ್‌ಗಳು, 11 ಹೆಲ್ಪರ್‌ಗಳು. ಆ 11 ಹೆಲ್ಪರ್‌ಗಳು ಬಿಟ್ಟಿದ್ದು ಎರಡೇ ಎರಡು ಜಾಗದಿಂದ. ಎರಡೂ ಮಾಲಿನ ಚೂಪು ಅಂಚು ಉಜ್ಜಿ ತೆಗೆಯುವ ಡಿಬರಿಂಗ್ ಬೆಂಚ್. ಜೂನ್‌ನಲ್ಲಿ ಅಲ್ಲಿದ್ದ ಇಬ್ಬರು ಹಳಬರು ಹೋದರು. ಆಮೇಲೆ ಬಂದವರ್ಯಾರೂ ನಿಲ್ಲಲಿಲ್ಲ. ಐಟಿಐ ಮುಗಿಸಿದ ಹುಡುಗರಿಗೆ "ಮಷಿನ್ ಕಲಿಸ್ತೀವಿ" ಅಂತ ಹೇಳಿ ಕರೆತಂದಿದ್ದರು. ಬಂದವರಿಗೆ ಸಿಕ್ಕಿದ್ದು ಎಂಟು ಗಂಟೆ ನಿಂತುಕೊಂಡು ಫೈಲ್ ಹಿಡಿಯುವ ಕೆಲಸ. ಕೂಲೆಂಟ್ ತಾಗಿ ಕೈಯೆಲ್ಲ ಉರಿ. ಹುಡುಗರು ಓಡಿಹೋಗದೆ ಇನ್ನೇನು ಮಾಡುತ್ತಾರೆ? ಪಾಪ, ಅವರ ತಪ್ಪೇನಿಲ್ಲ. ಇದಕ್ಕೆ ಸಂಬಳ ಏರಿಸಬೇಕಿಲ್ಲ. ಗ್ಲೌಸ್ ಕೊಡಿ, ಆ ಬೆಂಚನ್ನು 8 ಹೆಲ್ಪರ್‌ಗಳಲ್ಲಿ ವಾರಕ್ಕಿಬ್ಬರಂತೆ ಹಂಚಿ, ಉಳಿದ ವಾರ ಮಷಿನ್ ಹತ್ತಿರ ನಿಲ್ಲಲು ಬಿಡಿ ಅಂದೆ.

ಈಗ ಆಪರೇಟರ್‌ಗೆ ಬರೋಣ. ಮಾಲೀಕರು ತಪ್ಪುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಒಬ್ಬ ಆಪರೇಟರ್ ಸಂಬಳ 24,000. ಅವನು ಹೋದ ಮೇಲೆ ಇನ್ನೊಬ್ಬನನ್ನು ತರಲು ಎಷ್ಟಾಯಿತು ಅಂತ ಕೇಳಿದರೆ ಮಾಲೀಕರು "ಕರ್ಕೊಂಡು ಬಂದವನಿಗೆ 3,000 ಕೊಟ್ಟೆ" ಅನ್ನುತ್ತಾರೆ. ಟ್ರಯಲ್‌ಗೆ ಬಂದವರು ಕೆಡಿಸಿದ ಮಾಲು, ಆ ಹೊತ್ತು ನಿಂತ ಮಷಿನ್, ಇದಕ್ಕೆ 2,000 ಸೇರಿಸೋಣ. ಹುಡುಕಿದ ಖರ್ಚು 5,000 ಆಯಿತು.

ಜಾಗ ಖಾಲಿ ಇದ್ದದ್ದು 18 ಕೆಲಸದ ದಿನ, ಅಂದರೆ 144 ಗಂಟೆ. ಉಳಿದವರು ಓಟಿ ಮಾಡಿ ಅರ್ಧ ಹೊತ್ತು ಮಷಿನ್ ಓಡಿಸಿದರು. ಓಟಿಗೆ ಕಾಯ್ದೆ ಪ್ರಕಾರ ಎರಡು ಪಟ್ಟು ಕೂಲಿ. ಗಂಟೆಗೆ 230ರಂತೆ 72 ಗಂಟೆಗೆ ಸುಮಾರು 16,600. ಮಿಕ್ಕ 72 ಗಂಟೆ ಮಷಿನ್ ನಿಂತಿತ್ತು. ಆ ಶಾಪ್‌ಗೆ ಜಾಬ್ ವರ್ಕ್‌ನಲ್ಲಿ ಗಂಟೆಗೆ 400 ಬರುತ್ತದೆ. ನಿಂತ ಮಷಿನ್‌ಗೆ ಕರೆಂಟು, ಇನ್ಸರ್ಟ್, ಕೂಲೆಂಟ್ ಖರ್ಚಿಲ್ಲ, ಅದಕ್ಕೆ 100 ಕಳೆಯಿರಿ. ಕೈತಪ್ಪಿದ್ದು ಗಂಟೆಗೆ 300. ಒಟ್ಟು 21,600. ಎರಡೂ ಸೇರಿ 38,200.

ಸಂಬಳ ಉಳಿದದ್ದು ನಿಜ. ನಾನೂ ಅದನ್ನು ಕಳೆಯುತ್ತೇನೆ. 18 ದಿನಕ್ಕೆ ಪಿಎಫ್ ಪಾಲೂ ಸೇರಿ 18,000. ಅದನ್ನು ಕಳೆದರೂ 20,200 ನಷ್ಟ. ಉಳಿತಾಯ ಕಣ್ಣಿಗೆ ಕಾಣುತ್ತದೆ, ಸಂಬಳದ ಪಟ್ಟಿಯಲ್ಲಿ ಒಂದು ಸಾಲು ಕಮ್ಮಿ ಇರುತ್ತದೆ. ನಷ್ಟ ಯಾವ ಪಟ್ಟಿಯಲ್ಲೂ ಬರುವುದಿಲ್ಲ. ಹಾಕಬೇಕಿದ್ದ ಬಿಲ್ ಹಾಕಲೇ ಇಲ್ಲ, ಅಷ್ಟೇ.

ಆದರೆ ದೊಡ್ಡ ಮೊತ್ತ ಇರುವುದು ಇದರಲ್ಲೂ ಅಲ್ಲ. ಹೊಸಬ ಬಂದ ಮೇಲೆ ಶುರುವಾಗುತ್ತದೆ. "ಇವನಿಗೂ ಹೆಚ್ಚುಕಮ್ಮಿ ಅದೇ 24,000. ಹೆಚ್ಚೇನು ಕೊಟ್ಟೆ?" ಅಂತ ಕೇಳುತ್ತಾರೆ. ದಿನದ ಪ್ರೊಡಕ್ಷನ್ ರಿಪೋರ್ಟ್ ತರಿಸಿ ನೋಡಿದೆವು. ಅವನಿಗೆ ಮಷಿನ್ ಗೊತ್ತು, ಆದರೆ ಈ ಶಾಪ್‌ನ ಪಾರ್ಟ್‌ಗಳು ಗೊತ್ತಿಲ್ಲ. ಪಾರ್ಟ್ ಹಿಡಿಯುವ ಯಾವ ಜಾ ಎಷ್ಟು ಬಿಗಿ, ಯಾವ ಪಾರ್ಟ್‌ಗೆ ಆಫ್‌ಸೆಟ್ ಪದೇ ಪದೇ ನೋಡಬೇಕು, ಎಲ್ಲ ಕೇಳಿ ಕೇಳಿ ಮಾಡಬೇಕು. ಮೊದಲ ತಿಂಗಳು ಹಳಬನ ಅರ್ಧದಷ್ಟು ಮಾಲು ಬಂತು. ಎರಡನೇ ತಿಂಗಳು ಮುಕ್ಕಾಲು ಭಾಗ. ಮೂರನೇ ತಿಂಗಳು ಶೇ. 90. ಮೂರರಲ್ಲೂ ಕೊರತೆ ಬಿದ್ದದ್ದು ಕೂಡಿದರೆ ಒಂದು ತಿಂಗಳ ಶೇ. 85, ಅಂದರೆ 177 ಗಂಟೆ. ಗಂಟೆಗೆ 300ರಂತೆ 53,100. ರಿಜೆಕ್ಟ್ ಆದ ಮಾಲಿಗೆ ಕಸ್ಟಮರ್ ಕಳಿಸಿದ ಡೆಬಿಟ್ ನೋಟ್ ಇನ್ನೊಂದು 6,000.

ಒಟ್ಟು 84,300. ಮೂರೂವರೆ ತಿಂಗಳ ಸಂಬಳ. ಮಾಲೀಕರ ಲೆಕ್ಕದಲ್ಲಿ ಇದು 3,000 ಆಗಿತ್ತು.

ಇದನ್ನು ನೋಡಿ ಕೆಲವರು ಇನ್ನೊಂದು ತುದಿಗೆ ಹೋಗುತ್ತಾರೆ, ಸಿಕ್ಕಿದ್ದನ್ನೆಲ್ಲ ಸೇರಿಸುತ್ತಾರೆ. ಹೊಸಬನ ನಿಧಾನಕ್ಕೆ ಕೈತಪ್ಪಿದ ದುಡ್ಡು ಹಿಡಿದ ಮೇಲೆ, ಅವನಿಗೆ ಕೊಟ್ಟ ಸಂಬಳದಲ್ಲಿ ಅರ್ಧ ದಂಡ ಅಂತ ಮತ್ತೆ ಸೇರಿಸಬಾರದು. ಒಂದೇ ನಷ್ಟ ಎರಡು ಸಲ ಬರುತ್ತದೆ. ಬಿಟ್ಟವನಿಗೆ ಕೊಟ್ಟ ಗ್ರಾಚ್ಯುಟಿ, ರಜೆಯ ಹಣವೂ ಇದರಲ್ಲಿ ಬರಬಾರದು. ಅದು ಅವನು ವರ್ಷಗಟ್ಟಲೆ ದುಡಿದು ಗಳಿಸಿದ್ದು, ನೀವು ಕೊಡಬೇಕಾಗಿದ್ದ ಬಾಕಿ. ಸೂಪರ್‌ವೈಸರ್ ಕಲಿಸಲು ಕೊಟ್ಟ ಹೊತ್ತನ್ನೂ ನಾನು ಇಲ್ಲಿ ಬಿಟ್ಟಿದ್ದೇನೆ. ಅದರಿಂದ ಅವರ ಬೇರೆ ಕೆಲಸ ನಿಂತಿರಲಿಲ್ಲ.

ಇನ್ನೂ ಮುಖ್ಯವಾದದ್ದು, ಈ 84,300 ಕೈತುಂಬ ಆರ್ಡರ್ ಇದ್ದ ಕಾಲದ ಲೆಕ್ಕ. ಆರ್ಡರ್ ಇಲ್ಲದೆ ಮಷಿನ್ ಹೇಗೂ ನಿಂತಿದ್ದರೆ ಗಂಟೆಗೆ 300 ಕೈತಪ್ಪಿತು ಅನ್ನುವ ಮಾತೇ ಬರುವುದಿಲ್ಲ. ಓಟಿಯೂ ಬೇಕಿಲ್ಲ. ಆಗ ಸಂಬಳ ನಿಜವಾಗಿಯೂ ಉಳಿಯುತ್ತದೆ. ಬೇರೆಯವರ ಅಂಕಿ ನಿಮ್ಮ ಶಾಪ್‌ಗೆ ಹೊಂದುವುದಿಲ್ಲ ಅನ್ನುವುದು ಇದಕ್ಕೇ. ಸುಮ್ನೆ "ಆರು ತಿಂಗಳ ಸಂಬಳ" ಅಂತ ಎಲ್ಲೋ ಓದಿದ್ದನ್ನು ಹಿಡಿಯಬೇಡಿ. ನಿಮ್ಮ ಮಷಿನ್ ಅವರ್ ರೇಟ್ ನಿಮಗೆ ಗೊತ್ತಿದೆ, ಪ್ರೊಡಕ್ಷನ್ ರಿಪೋರ್ಟ್ ನಿಮ್ಮ ಹತ್ತಿರವೇ ಇದೆ ಅಲ್ವಾ?

ಹೆಲ್ಪರ್‌ಗೆ ಇದೇ ರೀತಿ ಲೆಕ್ಕ ಹಾಕಿದಾಗ ಒಬ್ಬನಿಗೆ 6,000 ಬಂತು. 11 ಮಂದಿಗೆ 66,000. 4 ಆಪರೇಟರ್‌ಗಳಿಗೆ 3,37,200. ಶೇಕಡಾ ನೋಡಿದರೆ ಹೆಲ್ಪರ್‌ಗಳದ್ದೇ ಗಲಾಟೆ, ದುಡ್ಡು ನೋಡಿದರೆ ಆಪರೇಟರ್‌ಗಳದ್ದು.

ಹಾಗಾದರೆ ಆಪರೇಟರ್‌ಗಳಿಗಾದರೂ 2,000 ಏರಿಸಬೇಕೇ? 10 ಮಂದಿಗೆ ವರ್ಷಕ್ಕೆ 2,40,000 ಆಗುತ್ತದೆ. ಅದಕ್ಕೆ ಮೊದಲು 4 ಮಂದಿ ಯಾಕೆ ಹೋದರು ಅಂತ ಕೇಳಿದೆ. ಒಬ್ಬನ ಅಪ್ಪನಿಗೆ ಹುಷಾರಿಲ್ಲ, ಊರಿಗೆ ಹೋದ. ಒಬ್ಬನನ್ನು ಇವರೇ ತೆಗೆದಿದ್ದರು. ಸಂಬಳಕ್ಕಾಗಿ ಹೋದವರು ಇಬ್ಬರು. ಏರಿಸಿದ್ದರೆ ಉಳಿಯಬಹುದಾಗಿದ್ದವರು ಆ ಇಬ್ಬರೇ, ಅದೂ ಖಾತ್ರಿಯಿಲ್ಲ. ಇಬ್ಬರದ್ದು 1,68,600. ಅದನ್ನು ಉಳಿಸಲು 2,40,000 ಖರ್ಚು. ಲೆಕ್ಕ ಕೂಡುವುದಿಲ್ಲ.

ಆದರೆ ಆ ಇಬ್ಬರ ಸಂಬಳ ನೋಡಿದಾಗ ಇನ್ನೊಂದು ವಿಷಯ ಗೊತ್ತಾಯಿತು. ಇಬ್ಬರಿಗೂ ಮೂರು ವರ್ಷ ತುಂಬಿತ್ತು. ಹೊಸದಾಗಿ ಸೇರಿದವನಿಗೂ ಅವರಿಗೂ ಇದ್ದ ಅಂತರ 800 ರೂಪಾಯಿ. ಎಲ್ಲ ಪಾರ್ಟ್ ಗೊತ್ತಿರುವವನಿಗೂ, ಮೂರು ತಿಂಗಳು ಕಲಿಯಬೇಕಾದವನಿಗೂ 800! ಆ ಶಾಪ್‌ನಲ್ಲಿ ಎರಡು ವರ್ಷ ದಾಟಿದ ಆಪರೇಟರ್‌ಗಳು ಈಗ 5 ಮಂದಿ ಇದ್ದಾರೆ. ಅವರಿಗೆ ಮಾತ್ರ 2,000 ಏರಿಸಿದರೆ ವರ್ಷಕ್ಕೆ 1,20,000. ಇಬ್ಬರು ನಿಂತರೆ ಆ ದುಡ್ಡು ವಾಪಸ್ ಬಂದು ಮೇಲೂ ಉಳಿಯುತ್ತದೆ. ಒಬ್ಬನೇ ನಿಂತರೆ 35,700 ಕೈಯಿಂದ ಹೋಗುತ್ತದೆ. ಇಷ್ಟು ಚಿಕ್ಕ ಶಾಪ್‌ನಲ್ಲಿ ಒಂದು ವರ್ಷದ ಅಂಕಿಯಿಂದ ಇದಕ್ಕಿಂತ ಗಟ್ಟಿಯಾಗಿ ನಾನು ಹೇಳಲಾರೆ. ಮಾಲೀಕರು ಏರಿಸಿದರು. ಗುಟ್ಟಾಗಿ ಬೇಡ ಅಂದೆ. ಎರಡು ವರ್ಷ, ಇಷ್ಟು ಪಾರ್ಟ್‌ಗಳ ಸೆಟ್ಟಿಂಗ್ ಒಬ್ಬನೇ ಮಾಡಲು ಬರಬೇಕು ಅಂತ ಬರೆದು ನೋಟಿಸ್ ಬೋರ್ಡಿಗೆ ಹಾಕಿಸಿದೆ. ಜತೆಗೆ ಪ್ರತಿ ಪಾರ್ಟ್‌ಗೂ ಒಂದು ಸೆಟ್ಟಿಂಗ್ ಶೀಟ್ ಬರೆಸುತ್ತಿದ್ದೇವೆ. ಊರಿಗೆ ಹೋಗಲೇಬೇಕಾದವನನ್ನು ಸಂಬಳ ತಡೆಯುವುದಿಲ್ಲ. ಅವನ ಜಾಗಕ್ಕೆ ಬಂದವನು ಮೂರು ತಿಂಗಳ ಬದಲು ಎರಡರಲ್ಲಿ ಕಲಿತರೆ ಆ 53,100ರಲ್ಲಿ ಒಂದಿಷ್ಟು ಉಳಿಯುತ್ತದೆ.