‘ನಿಮ್ಮದು ಐಫೋನ್ ಅಂತ ಕಾಣುತ್ತದೆ’ ಎಂದು ಬರೆಯುವ ಮೊದಲು

ಗ್ರಾಹಕರ ದೂರಿಗೆ ಹೋಗುವ ಉತ್ತರಗಳಲ್ಲಿ ಈಗೀಗ ಒಂದು ಸಾಲು ವಾಡಿಕೆಯಾಗಿಬಿಟ್ಟಿದೆ: ‘ನೀವು ಐಫೋನ್ ಬಳಸುತ್ತಿರುವಂತೆ ಕಾಣುತ್ತದೆ.’ ಅದರದ್ದೇ ಇನ್ನೊಂದು ರೂಪ: ‘ನೀವು ಮೊಬೈಲಿನಲ್ಲಿ ಓದುತ್ತಿರುವುದರಿಂದ ಚಿಕ್ಕದಾಗಿ ಬರೆಯುತ್ತಿದ್ದೇವೆ.’ ಬರೆಯುವವರಿಗೆ ಇದು ಕಾಳಜಿಯ ಮಾತು ಅನಿಸುತ್ತದೆ. ಓದುವವರು ಮಾತ್ರ ತಾವು ಕೇಳಿದ್ದಕ್ಕೆ ಉತ್ತರ ಎಲ್ಲಿದೆ ಎಂದು ಹುಡುಕುತ್ತಿರುತ್ತಾರೆ.

ಊಹಿಸುವುದು ತಪ್ಪಲ್ಲ. ಓದುವವರ ಕೈಯಲ್ಲಿ ಫೋನಿದೆಯೋ ಕಂಪ್ಯೂಟರಿದೆಯೋ, ಉತ್ತರ ವಾಟ್ಸಾಪಿಗೆ ಹೋಗುತ್ತದೋ ಮೇಲ್‌ಗೋ ಎಂದು ಅಂದಾಜು ಮಾಡದೆ ಒಳ್ಳೆಯ ಉತ್ತರ ಬರೆಯಲಿಕ್ಕೇ ಆಗುವುದಿಲ್ಲ. ಆದರೆ ಆ ಅಂದಾಜನ್ನು ಬಾಯಿಬಿಟ್ಟು ಹೇಳಬೇಕಾದ್ದು ಒಂದೇ ಸಂದರ್ಭದಲ್ಲಿ: ಅದು ತಪ್ಪಾದರೆ ಗ್ರಾಹಕರು ಮಾಡಬೇಕಾದ ಕೆಲಸವೇ ಬದಲಾಗುತ್ತದೆ ಎಂದಾಗ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಕುಂದಾಪುರದ ಕಡೆಯ ಗ್ರಾಹಕರೊಬ್ಬರ ಹೆಸರಿನಲ್ಲಿ ಒಂದು ಸಹಕಾರಿ ಸಂಘಕ್ಕೆ ಮೇಲ್ ಬರುತ್ತದೆ. ‘ನಿನ್ನೆ ಶಾಖೆಯಲ್ಲಿ ಹಣ ಕಟ್ಟಿದ್ದೇವೆ. ಆ್ಯಪಿನಲ್ಲಿ ಹಳೆಯ ಬ್ಯಾಲೆನ್ಸೇ ತೋರಿಸುತ್ತಿದೆ.’ ಮೇಲ್‌ನ ಕೆಳಗೆ `Sent from my iPhone` ಎಂದಿದೆ. ಸಂಘದ ಸಹಾಯ ಡೆಸ್ಕಿನಲ್ಲಿದ್ದವರು ತಕ್ಷಣ ಹೀಗೆ ಬರೆಯುತ್ತಾರೆ: ‘ನಮಸ್ಕಾರ ಮೇಡಂ, ನೀವು ಐಫೋನ್ ಬಳಸುತ್ತಿರುವಂತೆ ಕಾಣುತ್ತದೆ. ದಯವಿಟ್ಟು ಆ್ಯಪನ್ನು ಡಿಲೀಟ್ ಮಾಡಿ ಮತ್ತೆ ಹಾಕಿಕೊಳ್ಳಿ.’

ಇಲ್ಲಿ ಆದದ್ದೇನು? ಮೇಲ್ ಬರೆದವರು ದುಬೈಯಲ್ಲಿರುವ ಮಗ. ಐಫೋನ್ ಅವರದ್ದು. ಆ್ಯಪ್ ಇರುವುದು ಊರಿನಲ್ಲಿ ಅಮ್ಮನ ಆಂಡ್ರಾಯ್ಡ್ ಫೋನಿನಲ್ಲಿ. ನಮ್ಮ ಕರಾವಳಿಯಲ್ಲಿ ಇದು ಅಪರೂಪವೇನಲ್ಲ. ಖಾತೆ ಊರಿನಲ್ಲಿ, ಅದನ್ನು ನೋಡಿಕೊಳ್ಳುವವರು ಗಲ್ಫಿನಲ್ಲೋ ಬೆಂಗಳೂರಿನಲ್ಲೋ. ಇನ್ನು ಕೆಲವರ ಮೇಲ್ ಬರುವುದೇ ಪೇಟೆಯ ಸೈಬರ್ ಸೆಂಟರಿನ ಕಂಪ್ಯೂಟರಿನಿಂದ. ಬರೆದ ಸಾಧನ ಒಂದು, ತೊಂದರೆ ಇರುವ ಸಾಧನ ಇನ್ನೊಂದು. ಡೆಸ್ಕಿನವರು ಓದಿದ ಸುಳಿವು ಸರಿಯಾದದ್ದೇ, ಆದರೆ ಬೇರೆ ಸಾಧನದ್ದು. ಮಗನಿಂದ ಮರುಮೇಲ್ ಬರುತ್ತದೆ: ‘ಅಮ್ಮನದ್ದು ಐಫೋನ್ ಅಲ್ಲ.’ ಹಣ ಜಮೆಯಾಗಿದೆಯೇ ಎಂಬ ಮೂಲ ಪ್ರಶ್ನೆ ಇದ್ದಲ್ಲೇ ಇರುತ್ತದೆ, ಮಾತು ಫೋನಿನ ಸುತ್ತ ಸುತ್ತುತ್ತದೆ.

ಅದೇ ಉತ್ತರವನ್ನು ಹೀಗೆ ಬರೆಯಬಹುದಿತ್ತು. ಮೊದಲ ಸಾಲಿನಲ್ಲಿ ಖಾತೆ ನೋಡಿ ಹೇಳುವ ಮಾತು: ‘ನಿನ್ನೆ ಕಟ್ಟಿದ ಮೊತ್ತ ಖಾತೆಗೆ ಜಮೆಯಾಗಿದೆ, ಹಣದ ಬಗ್ಗೆ ಆತಂಕ ಬೇಡ.’ ಆಮೇಲೆ ಎಲ್ಲ ಫೋನಿಗೂ ಸಲ್ಲುವ ಹಂತ: ‘ಆ್ಯಪಿನಲ್ಲಿ ಲಾಗೌಟ್ ಮಾಡಿ, ಆ್ಯಪನ್ನು ಪೂರ್ತಿ ಮುಚ್ಚಿ, ಮತ್ತೆ ತೆರೆದು ಲಾಗಿನ್ ಆಗಿ.’ ಇಲ್ಲಿಯವರೆಗೆ ಫೋನ್ ಯಾವುದಾದರೂ ವ್ಯತ್ಯಾಸವಿಲ್ಲ, ಹಾಗಾಗಿ ಅದರ ಹೆಸರೂ ಬೇಡ. ಬಹಳಷ್ಟು ದೂರುಗಳು ಈ ಹಂತದಲ್ಲೇ ಮುಗಿಯುತ್ತವೆ.

ಮುಗಿಯದಿದ್ದರೆ? ಆಗ ದಾರಿ ನಿಜಕ್ಕೂ ಕವಲೊಡೆಯುತ್ತದೆ. ಆಂಡ್ರಾಯ್ಡಿನಲ್ಲಿ ಆ್ಯಪಿನ ತಾತ್ಕಾಲಿಕ ಕಡತಗಳನ್ನು ಮಾತ್ರ ಅಳಿಸಬಹುದು: `Settings`, ಅಲ್ಲಿ `Apps`, ಆ್ಯಪಿನ ಹೆಸರು, ಬಳಿಕ `Storage` ಒಳಗೆ `Clear cache`. ಆದರೆ ಅದರ ಪಕ್ಕದಲ್ಲೇ ಇನ್ನೊಂದು ಗುಂಡಿ ಇದೆ. ಕೆಲವು ಫೋನಿನಲ್ಲಿ ಅದರ ಹೆಸರು `Clear storage`, ಕೆಲವದರಲ್ಲಿ `Clear data`. ಅದನ್ನು ಒತ್ತಿದರೆ ಲಾಗಿನ್ ಸಮೇತ ಎಲ್ಲವೂ ಹೋಗುತ್ತದೆ, ಆ್ಯಪ್ ಹೊಸದಾಗಿ ಹಾಕಿದ ಸ್ಥಿತಿಗೆ ಬರುತ್ತದೆ. ಐಫೋನಿನಲ್ಲಿ ಹೀಗೆ ಕ್ಯಾಶೆ ಮಾತ್ರ ಅಳಿಸುವ ಗುಂಡಿಯೇ ಸೆಟ್ಟಿಂಗ್ಸಿನಲ್ಲಿ ಇಲ್ಲ. `General` ಒಳಗಿನ `iPhone Storage`ಗೆ ಹೋಗಿ ಆ್ಯಪಿನ ಹೆಸರು ಒತ್ತಿದರೆ ಎರಡು ಆಯ್ಕೆ ಕಾಣುತ್ತದೆ. `Offload App` ಆ್ಯಪನ್ನು ತೆಗೆದರೂ ಅದರ ಮಾಹಿತಿಯನ್ನು ಉಳಿಸಿಕೊಳ್ಳುತ್ತದೆ, ಹಾಗಾಗಿ ಕೆಟ್ಟ ಮಾಹಿತಿಯೂ ಉಳಿದುಕೊಳ್ಳಬಹುದು. `Delete App` ಆ್ಯಪನ್ನೂ ಮಾಹಿತಿಯನ್ನೂ ತೆಗೆಯುತ್ತದೆ. ಆಮೇಲೆ ಆ್ಯಪ್ ಮತ್ತೆ ಹಾಕಿ ನೋಂದಾಯಿಸಬೇಕು. ಅದಕ್ಕೆ ನೋಂದಾಯಿತ ನಂಬರಿನ ಸಿಮ್ ಅದೇ ಫೋನಿನಲ್ಲಿ ಇರಬೇಕೆಂದು ಕೇಳುವ ಆ್ಯಪುಗಳಿವೆ.

ಇಲ್ಲಿ ಫೋನಿನ ಹೆಸರು ಹೇಳದಿದ್ದರೆ ತಪ್ಪು. ಅಮ್ಮನ ಆಂಡ್ರಾಯ್ಡಿನಲ್ಲಿ ಕ್ಯಾಶೆ ಅಳಿಸಿದ್ದರೆ ಮುಗಿಯುತ್ತಿದ್ದ ಕೆಲಸಕ್ಕೆ ಡಿಲೀಟ್ ಮಾಡಿಸಿ, ಮರುನೋಂದಣಿಗಾಗಿ ಅವರನ್ನು ಶಾಖೆಗೆ ಅಲೆಸಿದಂತಾಗುತ್ತದೆ.

ಆದರೆ ಹೇಳುವ ರೀತಿ ‘ನೀವು ಇಂಥದ್ದು ಬಳಸುತ್ತಿರುವಂತೆ ಕಾಣುತ್ತದೆ’ ಎಂದಲ್ಲ. ಅದು ಓದುವವರ ಬಗ್ಗೆ ಆಡಿದ ಮಾತಾಯಿತು. ಬೇಕಾದ್ದು ಹಂತಗಳ ಬಗ್ಗೆ ಆಡುವ ಮಾತು: ‘ಈ ಹಂತಗಳು ಆ್ಯಪ್ ಇರುವ ಫೋನ್ ಆಂಡ್ರಾಯ್ಡ್ ಆಗಿದ್ದರೆ ಮಾತ್ರ.’ ಮೊದಲನೆಯದು ತಪ್ಪಾದರೆ ಗ್ರಾಹಕರು ನಿಮ್ಮನ್ನು ತಿದ್ದಬೇಕು. ಎರಡನೆಯದರಲ್ಲಿ ತಪ್ಪಾಗಲು ಏನೂ ಇಲ್ಲ. ಹೊಂದದಿದ್ದವರು ಆ ಭಾಗವನ್ನು ಬಿಟ್ಟು ಮುಂದೆ ಹೋಗುತ್ತಾರೆ. ‘ಆ್ಯಪ್ ಇರುವ ಫೋನ್’ ಎಂಬುದನ್ನು ಬಿಡಬೇಡಿ, ಮಗನ ಐಫೋನಿನ ಗೊಂದಲವನ್ನು ತಪ್ಪಿಸುವುದೇ ಆ ಎರಡು ಮೂರು ಪದ. ಈ ಸಾಲು ಒಂದನೇ ಹಂತಕ್ಕಿಂತ ಮೊದಲೇ ಬರಬೇಕು. ನಾಲ್ಕನೇ ಹಂತದ ಕೆಳಗೆ ‘ಇದು ಆಂಡ್ರಾಯ್ಡಿಗೆ ಮಾತ್ರ’ ಎಂದರೆ ಅಷ್ಟರೊಳಗೆ ಗುಂಡಿ ಒತ್ತಿ ಆಗಿರುತ್ತದೆ ಮಾರಾಯ್ರೆ. ಜೊತೆಗೆ ನಿಲ್ಲುವ ಗುರುತೂ ಬೇಕು: ‘`Clear cache` ಎಂಬ ಗುಂಡಿ ಕಾಣದಿದ್ದರೆ ಬೇರೆ ಯಾವುದನ್ನೂ ಒತ್ತದೆ ನಮಗೆ ತಿಳಿಸಿ.’

ಇನ್ನು ಎರಡನೇ ಬಗೆಯ ಊಹೆ, ಉತ್ತರದ ಆಕಾರಕ್ಕೆ ಸಂಬಂಧಿಸಿದ್ದು. ಅದನ್ನು ಹೇಳಬೇಕಾದ ಸಂದರ್ಭವೇ ಇಲ್ಲ ಎನ್ನಬಹುದು. ವಾಟ್ಸಾಪಿನಲ್ಲಿ ಪದದ ಎರಡೂ ಬದಿಗೆ `*` ಹಾಕಿದರೆ ಅದು ದಪ್ಪಕ್ಷರವಾಗುತ್ತದೆ. ಅದೇ ಪಠ್ಯ ಎಸ್ಎಂಎಸ್ ಆಗಿ ಹೋದರೆ ನಕ್ಷತ್ರಗಳು ಹಾಗೇ ಉಳಿಯುತ್ತವೆ. ಎಲ್ಲಿಗೆ ಹೋಗುತ್ತದೆಂದು ಖಚಿತವಿಲ್ಲದಿದ್ದರೆ ನಕ್ಷತ್ರ ಬಿಡಿ, 1, 2, 3 ಎಂದು ಸಾದಾ ಅಂಕಿ ಹಾಕಿ, ಒಂದು ಸಾಲಿಗೆ ಒಂದೇ ಹಂತ ಬರೆಯಿರಿ. ಎಲ್ಲಿ ತೆರೆದರೂ ಅದು ಓದಲಿಕ್ಕೆ ಬರುತ್ತದೆ. ‘ದಪ್ಪಕ್ಷರ ನಿಮಗೆ ಕಾಣಲಿಕ್ಕಿಲ್ಲ ಎಂದು ಬಳಸಿಲ್ಲ’ ಎಂಬ ವಿವರಣೆ ಯಾರಿಗೂ ಬೇಡ.

ಎಸ್ಎಂಎಸ್‌ನಲ್ಲಿ ಈ ಚಟಕ್ಕೆ ಲೆಕ್ಕವೇ ಉತ್ತರ ಕೊಡುತ್ತದೆ. ಸಾದಾ ಇಂಗ್ಲಿಷ್ ಅಕ್ಷರಗಳ ಎಸ್ಎಂಎಸ್‌ಗೆ 160ರ ಮಿತಿ. ಕನ್ನಡಕ್ಕೆ ಅದು 70, ಸಂದೇಶ ಒಂದಕ್ಕಿಂತ ಹೆಚ್ಚು ತುಂಡಾದರೆ ತುಂಡಿಗೆ 67. ಅದೂ ನಮ್ಮ ಕಣ್ಣಿಗೆ ಕಾಣುವ ಅಕ್ಷರಗಳ ಲೆಕ್ಕವಲ್ಲ: ‘ಲ್ಲಿ’ ಒಂದೇ ಅಕ್ಷರದಂತೆ ಕಂಡರೂ ವ್ಯಂಜನ, ಒತ್ತಕ್ಷರ ಮಾಡುವ ಹಲಂತ ಚಿಹ್ನೆ, ಮತ್ತೊಂದು ವ್ಯಂಜನ, ಗುಣಿತ ಎಂದು ನಾಲ್ಕಾಗುತ್ತದೆ. ಮೇಲೆ ಹೇಳಿದ ‘ನೀವು ಮೊಬೈಲಿನಲ್ಲಿ ಓದುತ್ತಿರುವುದರಿಂದ ಚಿಕ್ಕದಾಗಿ ಬರೆಯುತ್ತಿದ್ದೇವೆ.’ ಎಂಬ ಸಾಲನ್ನೇ ಎಣಿಸಿ ನೋಡಿ; ಪೂರ್ಣವಿರಾಮ ಸೇರಿ 60. ಚಿಕ್ಕದಾಗಿ ಬರೆಯುತ್ತೇವೆ ಎಂದು ಹೇಳುವುದಕ್ಕೇ ಹೆಚ್ಚುಕಡಿಮೆ ಒಂದು ಇಡೀ ಎಸ್ಎಂಎಸ್ ಖರ್ಚು. ಮೇಲ್‌ನಲ್ಲಿ ಇಷ್ಟು ಬಿಗಿಯಿಲ್ಲ ನಿಜ, ಆದರೆ ಫೋನಿನ ನೋಟಿಫಿಕೇಶನ್ನಿನಲ್ಲಿ ಕಾಣುವುದು ಮೊದಲ ಒಂದೆರಡು ಸಾಲು. ‘ಹಣ ಜಮೆಯಾಗಿದೆ’ ಎಂಬುದು ಅಲ್ಲಿ ಕಾಣಬೇಕಾದ ಮಾತು.

‘ನಮ್ಮ ವ್ಯವಸ್ಥೆಯೇ ಸಾಧನದ ಹೆಸರು ತೋರಿಸುತ್ತದಲ್ಲ, ಊಹೆ ಎಲ್ಲಿಂದ ಬಂತು’ ಎಂದು ಕೇಳುವವರಿದ್ದಾರೆ. ದೂರಿನ ದಾಖಲೆಯಾದ ಟಿಕೆಟಿನ ಬದಿಯಲ್ಲಿ ಕಾಣುವ ಆ ಹೆಸರು ಸಾಮಾನ್ಯವಾಗಿ ಬ್ರೌಸರ್ ಕಳಿಸುವ ಇಂಥ ಸಾಲಿನಿಂದ ಬಂದದ್ದು:

```
Mozilla/5.0 (Linux; Android 10; K)
AppleWebKit/537.36 (KHTML, like Gecko)
Chrome/124.0.0.0 Mobile Safari/537.36
```

ಇದನ್ನು ಓದಿ ‘ನಿಮ್ಮ ಆಂಡ್ರಾಯ್ಡ್ 10 ಹಳೆಯದಾಗಿದೆ, ಅಪ್‌ಡೇಟ್ ಮಾಡಿ’ ಎಂದು ಬರೆದರೆ ಕೆಟ್ಟಿತು. ಬಳಕೆದಾರರ ಗುರುತು ಬಿಟ್ಟುಕೊಡಬಾರದೆಂದು ಆಂಡ್ರಾಯ್ಡಿನ ಕ್ರೋಮ್ ಈಗ ಫೋನಿನ ಮಾಡೆಲ್ ಜಾಗದಲ್ಲಿ `K` ಎಂದೂ ಆವೃತ್ತಿಯ ಜಾಗದಲ್ಲಿ 10 ಎಂದೂ ಕಳಿಸುತ್ತದೆ, ಫೋನ್ ನಿನ್ನೆ ಕೊಂಡದ್ದಾದರೂ ಅಷ್ಟೇ. ವಿಂಡೋಸ್ 11 ಕೂಡ ಈ ಸಾಲಿನಲ್ಲಿ `Windows NT 10.0` ಎಂದೇ ಕಾಣುತ್ತದೆ. 2019ರಲ್ಲಿ ಬಂದ ಐಪ್ಯಾಡ್ಒಎಸ್ 13ರಿಂದ ಈಚೆಗೆ ಐಪ್ಯಾಡಿನ ಸಫಾರಿ ತನ್ನನ್ನು ಸಾಮಾನ್ಯವಾಗಿ `Macintosh` ಎಂದೇ ಪರಿಚಯಿಸಿಕೊಳ್ಳುತ್ತದೆ. ಐಪ್ಯಾಡ್ ಹಿಡಿದು ಕೂತವರಿಗೆ ‘ನಿಮ್ಮ ಮ್ಯಾಕ್ ಕಂಪ್ಯೂಟರಿನಲ್ಲಿ’ ಎಂದು ಶುರುಮಾಡಿದರೆ ಮುಂದಿನ ಸಲಹೆಯನ್ನು ಅವರು ನಂಬುವುದಾದರೂ ಹೇಗೆ?

ಊಹೆ ಸರಿಯಾದಾಗಲೂ ಒಂದು ತೊಂದರೆ ಉಂಟು, ಹಣಕಾಸಿನ ಡೆಸ್ಕುಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ಒಟಿಪಿ ಕೇಳುವ ಕಳ್ಳ ಕರೆಗಳಿಂದ ಜನ ಹೈರಾಣಾಗಿದ್ದಾರೆ. ತಾವು ಹೇಳದ ಸಂಗತಿಯನ್ನು ಎದುರಿನವರು ಹೇಳಿದರೆ ಮೊದಲು ಬರುವುದು ‘ಇವರಿಗೆ ನನ್ನ ಫೋನ್ ಯಾವುದೆಂದು ಹೇಗೆ ಗೊತ್ತಾಯಿತು’ ಎಂಬ ಅನುಮಾನ. ಬಡ್ಡಿ ದರ ಕೇಳಿದವರಿಗೆ ಅವರ ಫೋನಿನ ಹೆಸರು ಹೇಳಿ ಈ ಅನುಮಾನ ಹುಟ್ಟಿಸುವುದರಿಂದ ಯಾರಿಗೂ ಏನೂ ಸಿಗುವುದಿಲ್ಲ.

ಹಾಗಾದರೆ ಎರಡೂ ಫೋನಿನ ಹಂತಗಳನ್ನು ಕೊಡುವುದೋ, ಕೇಳಿ ತಿಳಿದುಕೊಳ್ಳುವುದೋ? ಒಂದೊಂದು ಕವಲಿಗೆ ಮೂರು ನಾಲ್ಕು ಹಂತವಾದರೆ ಎರಡನ್ನೂ ಕೊಡಿ, ಪ್ರತಿಯೊಂದರ ಮೇಲೆ ಫೋನಿನ ಹೆಸರು ಬರೆಯಿರಿ. ಅದಕ್ಕಿಂತ ಉದ್ದವಿದ್ದರೆ, ಅಥವಾ ಹಂತಗಳ ನಡುವೆ ಮಾಹಿತಿ ಅಳಿಸುವ ಗುಂಡಿ ಇದ್ದರೆ, ಮೊದಲು ಕೇಳಿ. ಆದರೆ ‘ನಿಮ್ಮ ಆಪರೇಟಿಂಗ್ ಸಿಸ್ಟಂ ಯಾವುದು’ ಎಂದು ಕೇಳಿದರೆ ಎಷ್ಟೋ ಜನಕ್ಕೆ ಉತ್ತರ ತಿಳಿದಿರುವುದಿಲ್ಲ. ‘ಆ್ಯಪ್ ಹಾಕಿಕೊಂಡದ್ದು `Play Store`ನಿಂದಲೋ `App Store`ನಿಂದಲೋ?’ ಎಂದರೆ ಅವರು ಫೋನ್ ನೋಡಿ ಹೇಳಬಲ್ಲರು. ಇಂಥ ಪ್ರಶ್ನೆ ಕೇಳುವಾಗಲೂ ಎಲ್ಲ ಫೋನಿಗೂ ಸಲ್ಲುವ ಭಾಗವನ್ನು ತಡೆಹಿಡಿಯಬೇಡಿ. ಹಣ ಜಮೆಯಾದ ಸುದ್ದಿ, ಲಾಗೌಟ್ ಲಾಗಿನ್ ಹಂತ ಅದೇ ಮೇಲ್‌ನಲ್ಲಿ ಹೋಗಲಿ.

ಡೆಸ್ಕಿನಲ್ಲಿ ಸಿದ್ಧ ಉತ್ತರಗಳ ಕಟ್ಟು ಇದ್ದರೆ ತಿದ್ದುವ ಕೆಲಸ ಅಲ್ಲಿಂದಲೇ ಶುರುವಾಗಲಿ, ಏಕೆಂದರೆ ‘ಕಾಣುತ್ತದೆ’ ಸಾಲುಗಳು ಹೆಚ್ಚಾಗಿ ಸೇರಿಕೊಂಡಿರುವುದು ಅಲ್ಲಿ. ಪ್ರತಿ ಉತ್ತರದಲ್ಲೂ ಆ ಸಾಲನ್ನು ಅಳಿಸಿ ಉಳಿದದ್ದನ್ನು ಓದಿ. ಗ್ರಾಹಕರು ಒತ್ತಬೇಕಾದ ಯಾವ ಗುಂಡಿಯೂ ಬದಲಾಗದಿದ್ದರೆ ಸಾಲು ಹೋಗಲಿ. ಬದಲಾಗುತ್ತದೆ ಎಂದಾದರೆ ಅದನ್ನು ‘ಆಗಿದ್ದರೆ’ ಎಂಬ ರೂಪಕ್ಕೆ ತಿದ್ದಿ ಹಂತಗಳ ತಲೆಯ ಮೇಲೆ ಇಡಿ. ಸಾಧನದ ಬಗ್ಗೆ ನಿಮ್ಮ ಅಂದಾಜು, ಅದಕ್ಕೆ ಸಿಕ್ಕ ಸುಳಿವು ಇವೆರಡೂ ಟಿಕೆಟಿನ ಒಳಗಿನ ಟಿಪ್ಪಣಿಯಲ್ಲಿ ಇರಲಿ: ‘ಮೇಲ್ ಐಫೋನಿನಿಂದ, ಆ್ಯಪ್ ಯಾವ ಫೋನಿನಲ್ಲಿ ಎಂದು ಗೊತ್ತಿಲ್ಲ.’ ಮುಂದಿನ ಪಾಳಿಯವರಿಗೆ ಬೇಕಾದ್ದು ಅಷ್ಟೇ.