ಒಂದೇ ಎತ್ತರದಲ್ಲಿ ಗುರು ಮತ್ತು ಲುಬ್ಧಕ: ಗ್ರಹ ಗುರುತಿಸುವ ಟಿಪ್ಪಣಿ

ನಕ್ಷತ್ರ ಮಿನುಗುತ್ತದೆ, ಗ್ರಹ ಮಿನುಗುವುದಿಲ್ಲ. ಇದು ಎಲ್ಲರಿಗೂ ಗೊತ್ತು. ತೊಡಕೆಂದರೆ, ದಿಗಂತದ ಬಳಿ ಗ್ರಹವೂ ಮಿನುಗುತ್ತದೆ.

ಕಾರಣ ಗಾಳಿ. ನಕ್ಷತ್ರ ನಮಗೆ ಬರೀ ಚುಕ್ಕಿ. ಕದಲುವ ಗಾಳಿ ಅದರ ಬೆಳಕನ್ನು ಇಡಿಯಾಗಿ ಅಲುಗಿಸುತ್ತದೆ. 2026ರ ಜನವರಿಯಲ್ಲಿ ಗುರುವಿನ ಬಿಲ್ಲೆ ಚಂದ್ರನ ಅಗಲದ ಸುಮಾರು 40ನೇ ಒಂದು ಭಾಗ. ಕಣ್ಣಿಗೆ ಅದೂ ಚುಕ್ಕಿಯೇ. ಆದರೆ ಬಿಲ್ಲೆಯ ಒಂದು ಕಡೆಯ ಬೆಳಕು ಕುಗ್ಗಿದ ಕ್ಷಣದಲ್ಲೇ ಇನ್ನೊಂದು ಕಡೆಯದು ಹಿಗ್ಗಿ, ಒಟ್ಟು ಬೆಳಕು ಸಮವಾಗುತ್ತದೆ. ದಿಗಂತದಿಂದ 10 ಡಿಗ್ರಿ ಎತ್ತರದಲ್ಲಿ ನೋಡುವಾಗ ಬೆಳಕು ನೆತ್ತಿಯ ಮೇಲಿನದಕ್ಕಿಂತ ಐದು ಪಟ್ಟಿಗೂ ಹೆಚ್ಚು ಗಾಳಿಯನ್ನು ದಾಟಬೇಕು. ಅಷ್ಟು ಗಾಳಿಗೆ ಗುರುವೂ ನಡುಗುತ್ತಾನೆ. ಆದ್ದರಿಂದ ಎರಡು ಮುಷ್ಟಿಗಿಂತ ಕೆಳಗಿರುವುದನ್ನು ಮಿನುಗಿನಿಂದ ನಿರ್ಧರಿಸಬಾರದು. ಕೈ ನೀಡಿ ಹಿಡಿದ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಬುಧನಿಗೆ ಈ ಪರೀಕ್ಷೆ ಬಹುತೇಕ ಬೇಡವೇ ಬೇಡ. ಅವನು ಯಾವಾಗಲೂ ತಗ್ಗಿನಲ್ಲೇ ಇರುತ್ತಾನೆ.

2026ರ ಜನವರಿ 10ರ ಆಸುಪಾಸಿನ ಸಂಜೆಗಳನ್ನೇ ತೆಗೆದುಕೊಳ್ಳಿ. ಚಿತ್ರದುರ್ಗದಲ್ಲಿ ಗುರು ಮತ್ತು ಲುಬ್ಧಕ ನಕ್ಷತ್ರ ಹೆಚ್ಚುಕಡಿಮೆ ಸೂರ್ಯಾಸ್ತದ ಹೊತ್ತಿಗೇ ಮೂಡುತ್ತವೆ: ಗುರು ಈಶಾನ್ಯಕ್ಕೆ ವಾಲಿ, ಲುಬ್ಧಕ ಆಗ್ನೇಯಕ್ಕೆ ವಾಲಿ, ನಡುವೆ ನಾಲ್ಕು ಮುಷ್ಟಿ. ಏಳರೊಳಗೆ ನೋಡಿದರೆ ಎರಡೂ ಅಲುಗುತ್ತವೆ. ಎಂಟಕ್ಕೆ ಎರಡೂ ಎರಡೂವರೆ ಮುಷ್ಟಿ ಎತ್ತರದಲ್ಲಿರುತ್ತವೆ. ಆಗ ಲುಬ್ಧಕ ಕೆಂಪು, ನೀಲಿ ಚಿಮ್ಮಿಸುತ್ತಲೇ ಇರುತ್ತದೆ, ಗುರು ನಿಶ್ಚಲ. ಒಂದೇ ಗಾಳಿ, ಒಂದೇ ಎತ್ತರ. ಇದಕ್ಕಿಂತ ನ್ಯಾಯವಾದ ಹೋಲಿಕೆ ಸಿಗದು. ಮಹಾವ್ಯಾಧ ನಕ್ಷತ್ರಪುಂಜದ ನಡುಪಟ್ಟಿಯ ಮೂರು ನಕ್ಷತ್ರಗಳ ಗೆರೆಯನ್ನು ಕೆಳಕ್ಕೆ ಎಳೆದರೆ ತಲುಪುವುದು ಲುಬ್ಧಕವನ್ನೇ.

ಮಿನುಗನ್ನು ನಂಬದೆಯೂ ಇದನ್ನು ಬಿಡಿಸಬಹುದು. ಬರಿಗಣ್ಣಿಗೆ ಕಾಣುವ ಐದೂ ಗ್ರಹಗಳು ಸೂರ್ಯ, ಚಂದ್ರರ ದಾರಿಯ ಹತ್ತಿರವೇ ಇರುತ್ತವೆ. ಜನವರಿ 3ರ ಬನದ ಹುಣ್ಣಿಮೆಯ ರಾತ್ರಿ ಚಂದ್ರ ಗುರುವಿನ ಮಗ್ಗುಲಲ್ಲೇ ಇದ್ದ. ಲುಬ್ಧಕದ ಬಳಿಗೆ ಚಂದ್ರ ಎಂದೂ ಹೋಗುವುದಿಲ್ಲ. ಆದರೆ ರೋಹಿಣಿ, ಮಘಾ, ಚಿತ್ತಾ, ಜ್ಯೇಷ್ಠಾ ಆ ದಾರಿಯಲ್ಲೇ ಇರುವ ನಕ್ಷತ್ರಗಳು. ಹಾಗಾಗಿ ದಾರಿಯಲ್ಲಿದೆ ಎಂದ ಮಾತ್ರಕ್ಕೆ ಗ್ರಹವಲ್ಲ.

ನನಗೆ ಹೆಚ್ಚು ಇಷ್ಟವಾದ ಅಡ್ಡದಾರಿ ಗೋಡೆಯ ಪಂಚಾಂಗ. ಭವಿಷ್ಯ ಬಿಟ್ಟುಬಿಡಿ, ಗ್ರಹಗಳ ರಾಶಿ ಮಾತ್ರ ನೋಡಿ. ನಮ್ಮ ಪಂಚಾಂಗ ರಾಶಿಗಳನ್ನು ನಕ್ಷತ್ರಗಳಿಗೆ ಕಟ್ಟಿ ಎಣಿಸುವುದರಿಂದ ಆಕಾಶಕ್ಕೆ ಹೊಂದುತ್ತದೆ. ಪಾಶ್ಚಾತ್ಯ ರಾಶಿಗಳು ಸುಮಾರು 24 ಡಿಗ್ರಿ ಸರಿದಿರುತ್ತವೆ. ಸೂರ್ಯನ ರಾಶಿಯಿಂದ ಮುಂದಕ್ಕೆ ಎಣಿಸಿ; ಒಂದೊಂದು ರಾಶಿಗೂ ಸೂರ್ಯಾಸ್ತದ ನಂತರ ಸುಮಾರು ಎರಡು ಗಂಟೆ ತಡವಾಗಿ ಗ್ರಹ ಮುಳುಗುತ್ತದೆ. ಆರು ರಾಶಿ ದಾಟಿದರೆ ಅದು ಬೆಳಗಿನ ಗ್ರಹ. 2026ರ ಸಂಕ್ರಾಂತಿಯ ಹಿಂದಿನ ವಾರ ಸೂರ್ಯ ಧನುವಿನಲ್ಲಿ, ಶುಕ್ರ, ಕುಜರೂ ಅಲ್ಲೇ. ಅವರನ್ನು ಹುಡುಕುವುದು ವ್ಯರ್ಥ. ಸೂರ್ಯನ ಬೆಳಕಿನಲ್ಲಿ ಮುಳುಗಿದ್ದಾರೆ. ಗುರು ಮಿಥುನದಲ್ಲಿ, ಅಂದರೆ ಎದುರಿನ ರಾಶಿಯಲ್ಲಿ, ರಾತ್ರಿಯಿಡೀ ಕಾಣುತ್ತಾನೆ. ಶನಿ ಮೀನದಲ್ಲಿ. ರಾಶಿ ಎಣಿಕೆ ಒರಟು ಲೆಕ್ಕ: ಮೂರು ರಾಶಿಗೆ ಆರು ಗಂಟೆ ಬರುತ್ತದೆ, ಆದರೆ ಸೂರ್ಯ ಧನುವಿನ ಕೊನೆಗೆ ಬಂದಿರುವುದರಿಂದ ಶನಿ ಹನ್ನೊಂದರ ಹೊತ್ತಿಗೇ ಪಶ್ಚಿಮದಲ್ಲಿ ಮುಳುಗುತ್ತಾನೆ. ಅವನನ್ನು ಎಂಟರೊಳಗೆ ನೋಡಿ ಮುಗಿಸಿ, ಆಮೇಲೆ ಗುರುವಿನ ಕಡೆ ತಿರುಗಿ.