ಆ್ಯಕ್ಷನ್ ಲೈನ್ ಮುಟ್ಟುವ ಹೊತ್ತಿಗೆ ಗರ್ಭಿಣಿ ಎಲ್ಲಿರಬೇಕು?

ಪ್ರಾಥಮಿಕ ಆರೋಗ್ಯ ಕೇಂದ್ರದ ಹೆರಿಗೆ ಕೋಣೆಯಲ್ಲಿ ಕೇಸ್ ಶೀಟಿನ ಜೊತೆಗೆ ಚೌಕುಳಿ ಚೌಕುಳಿಯ ಒಂದು ಹಾಳೆ ಇರುತ್ತದೆ. ಅದೇ ಪಾರ್ಟೋಗ್ರಾಫ್: ಗರ್ಭಕೋಶದ ಬಾಯಿ ಎಷ್ಟು ಸೆಂಟಿಮೀಟರ್ ತೆರೆದಿದೆ ಎಂಬುದು ಕೆಳಗಿನಿಂದ ಮೇಲಕ್ಕೆ, ಹೊತ್ತು ಎಡದಿಂದ ಬಲಕ್ಕೆ. ಹಾಳೆಯ ನಡುವೆ ಎಡದಿಂದ ಬಲಕ್ಕೆ ಏರುವ ಎರಡು ಓರೆಗೆರೆಗಳು ಅಚ್ಚಾಗಿರುತ್ತವೆ. ಮೊದಲನೆಯದು ಅಲರ್ಟ್ ಲೈನ್, ಅದರಿಂದ ಬಲಕ್ಕೆ ನಾಲ್ಕು ಗಂಟೆ ದೂರದಲ್ಲಿರುವುದು ಆ್ಯಕ್ಷನ್ ಲೈನ್. ಹೆಸರು ಕೇಳಿದವರಿಗೆ ಎರಡನೆಯ ಗೆರೆ ಮುಟ್ಟಿದಾಗ ಆಂಬುಲೆನ್ಸ್ ಕರೆಯಬೇಕು ಅನ್ನಿಸುವುದು ಸಹಜ. ಸಿಸೇರಿಯನ್ ಮಾಡುವ ವ್ಯವಸ್ಥೆ ಇಲ್ಲದ ಊರಿನಲ್ಲಿ ಹಾಗೆ ಓದಿದರೆ ಕೆಲಸ ಕೆಟ್ಟಂತೆಯೇ.

ಈ ಗೆರೆಗಳನ್ನು 1972ರಲ್ಲಿ ಫಿಲ್ಪಾಟ್ ಮತ್ತು ಕ್ಯಾಸಲ್ ಎಂಬ ವೈದ್ಯರು ಆಗಿನ ರೊಡೇಷಿಯಾದಲ್ಲಿ, ಅಂದರೆ ಇಂದಿನ ಜಿಂಬಾಬ್ವೆಯಲ್ಲಿ, ಎಳೆದರು. ಅಲ್ಲಿ ಹಳ್ಳಿ ಕಡೆಯ ಹೆರಿಗೆಗಳನ್ನು ನೋಡಿಕೊಳ್ಳುತ್ತಿದ್ದವರು ಸೂಲಗಿತ್ತಿ ದಾದಿಯರು. ಆಪರೇಷನ್ ಮಾಡುವ ವೈದ್ಯರು ದೂರದ ಊರಿನಲ್ಲಿದ್ದರು. ಚೊಚ್ಚಲ ಹೆರಿಗೆಯವರಲ್ಲಿ ತೀರಾ ನಿಧಾನವಾಗಿ ಸಾಗುವವರ ವೇಗವನ್ನು ಆಧಾರವಾಗಿಟ್ಟುಕೊಂಡು, ಗರ್ಭಕೋಶದ ಬಾಯಿ ಗಂಟೆಗೆ ಒಂದು ಸೆಂಟಿಮೀಟರಿನಂತೆ ತೆರೆಯುವ ಲೆಕ್ಕದಲ್ಲಿ ಮೊದಲನೆಯ ಗೆರೆ ಹಾಕಿದರು. ಅದಕ್ಕಿಂತ ಹಿಂದೆ ಬಿದ್ದವರನ್ನು ದೊಡ್ಡ ಆಸ್ಪತ್ರೆಗೆ ಸಾಗಿಸಲು ಬೇಕಾಗುವ ಹೊತ್ತೇ ನಡುವಿನ ಆ ನಾಲ್ಕು ಗಂಟೆ. ಆ್ಯಕ್ಷನ್ ಲೈನಿನಲ್ಲಿ ಹೇಳಿರುವ ‘ಆ್ಯಕ್ಷನ್’ ಆಪರೇಷನ್ ಥಿಯೇಟರ್ ಇರುವ ಕಡೆ ಆಗಬೇಕಾದದ್ದು. ಪಿಎಚ್‌ಸಿಯವರ ಪಾಲಿಗೆ ಕೆಲಸದ ಗೆರೆ ಅಲರ್ಟ್ ಲೈನ್. ಎರಡನೆಯ ಗೆರೆ ಬರುವಷ್ಟರಲ್ಲಿ ತಾಯಿ ದೊಡ್ಡ ಆಸ್ಪತ್ರೆಯ ಮಂಚದ ಮೇಲಿರಬೇಕು. ನಮ್ಮ ಸರ್ಕಾರಿ ತರಬೇತಿಯಲ್ಲಿ ಹೇಳಿಕೊಡುವುದೂ ಇದನ್ನೇ.

ಗೆರೆಗಳು ಸರಿಯಾಗಿ ಮಾತಾಡಬೇಕಾದರೆ ಮೊದಲ ಗುರುತು ಸರಿಯಾಗಿ ಬೀಳಬೇಕು. ಬಾಯಿ ನಾಲ್ಕು ಸೆಂಟಿಮೀಟರ್ ತೆರೆಯುವವರೆಗೆ ಈ ಹಾಳೆಯಲ್ಲಿ ಏನನ್ನೂ ಬರೆಯುವುದಿಲ್ಲ. ಅದಕ್ಕೆ ಮುಂಚಿನ ಹಂತ ಕೆಲವರಲ್ಲಿ ಇಡೀ ರಾತ್ರಿ ಎಳೆಯುತ್ತದೆ, ನೋವು ಬಂದು ಹೋಗಿ ಮಾಡುತ್ತದೆ. ಎರಡೂವರೆ ಸೆಂಟಿಮೀಟರಿಗೇ ಹಾಳೆ ಶುರು ಮಾಡಿದರೆ ಆರೋಗ್ಯವಾಗಿರುವ ತಾಯಿಯೂ ಗೆರೆ ದಾಟಿದಂತೆ ಕಾಣುತ್ತಾಳೆ. ನಾಲ್ಕು ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಎಷ್ಟಿದೆಯೋ ಆ ಅಳತೆಯ ಸಾಲಿನಲ್ಲಿ, ಅಲರ್ಟ್ ಲೈನಿನ ಮೇಲೆಯೇ ಒಂದು ಕತ್ತರಿ ಗುರುತು. ಅದರ ನೇರ ಕೆಳಗೆ ಪರೀಕ್ಷೆ ಮಾಡಿದ ಗಡಿಯಾರದ ಹೊತ್ತು. ಐದು ಸೆಂಟಿಮೀಟರಿನಲ್ಲಿ ಬಂದವಳ ಗುರುತನ್ನು ಹಾಳೆಯ ಎಡ ಅಂಚಿಗೆ ಹಾಕಿಬಿಡುವುದು ಸಾಮಾನ್ಯ ತಪ್ಪು. ಹಾಗೆ ಮಾಡಿದರೆ ಆಕೆಗೆ ಪುಕ್ಕಟೆಯಾಗಿ ಒಂದು ಗಂಟೆ ಸಿಕ್ಕಂತಾಗಿ, ನಿಧಾನವಾದದ್ದು ಕಣ್ಣಿಗೆ ಬೀಳುವುದು ಅಷ್ಟು ತಡವಾಗುತ್ತದೆ.

ಒಳಪರೀಕ್ಷೆ ನಾಲ್ಕು ಗಂಟೆಗೊಮ್ಮೆ ಸಾಕು. ಪದೇ ಪದೇ ಕೈ ಹಾಕಿದರೆ ಸೋಂಕು. ಅರ್ಧ ಗಂಟೆಗೊಮ್ಮೆ ಬರೆಯಬೇಕಾದದ್ದು ಮಗುವಿನ ಎದೆಬಡಿತ, ತಾಯಿಯ ನಾಡಿ ಮತ್ತು ನೋವು. ನೋವನ್ನು ತಾಯಿಯನ್ನು ಕೇಳಿ ಬರೆಯುವಂತಿಲ್ಲ. ಹೊಟ್ಟೆಯ ಮೇಲ್ಭಾಗದಲ್ಲಿ ಅಂಗೈ ಇಟ್ಟು, ಗಡಿಯಾರ ನೋಡುತ್ತಾ ಪೂರ್ತಿ ಹತ್ತು ನಿಮಿಷ ಕೂರಬೇಕು. ಆ ಹತ್ತು ನಿಮಿಷದಲ್ಲಿ ಗರ್ಭಕೋಶ ಎಷ್ಟು ಸಲ ಬಿಗಿಯಾಯಿತೋ ಅಷ್ಟು ಚೌಕುಳಿ ತುಂಬಬೇಕು. ಬಿಗಿ 20 ಸೆಕೆಂಡಿಗಿಂತ ಕಡಿಮೆ ಇದ್ದರೆ ಚುಕ್ಕಿ, 20ರಿಂದ 40 ಸೆಕೆಂಡ್ ಇದ್ದರೆ ಓರೆಗೀಟು, 40 ದಾಟಿದರೆ ಪೂರ್ತಿ ಕಪ್ಪು. ಮೂರು ಹಾಸಿಗೆಗೆ ಒಬ್ಬರೇ ಸ್ಟಾಫ್ ನರ್ಸ್ ಇರುವ ಕಡೆ ಮೊದಲು ಕೈಬಿಡುವುದು ಈ ಹತ್ತು ನಿಮಿಷವನ್ನೇ. ಎರಡು ನಿಮಿಷ ನೋಡಿ ಐದರಿಂದ ಗುಣಿಸುತ್ತಾರೆ. ಐದು ನಿಮಿಷಕ್ಕೊಮ್ಮೆ ಬರುವ ನೋವು ಆ ಎರಡು ನಿಮಿಷದಲ್ಲಿ ಬಂದರೆ ಲೆಕ್ಕ ಐದಾಗುತ್ತದೆ, ಬರದಿದ್ದರೆ ಸೊನ್ನೆ.

ಎದೆಬಡಿತವನ್ನು ನೋವು ಇಳಿದ ಕೂಡಲೇ, ಪೂರ್ತಿ ಒಂದು ನಿಮಿಷ ಎಣಿಸಬೇಕು. ಗರ್ಭಕೋಶ ಬಿಗಿದಾಗ ಮಗುವಿಗೆ ಹೋಗುವ ರಕ್ತ ಸ್ವಲ್ಪ ಕಡಿಮೆಯಾಗುತ್ತದೆ. ಗಟ್ಟಿಯಾಗಿರುವ ಮಗು ತಡೆದುಕೊಳ್ಳುತ್ತದೆ. ಬಳಲಿದ ಮಗುವಿನ ಬಡಿತ ನೋವು ಇಳಿದ ಮೇಲೂ ಮೇಲೇಳುವುದಿಲ್ಲ. ನೋವಿಲ್ಲದ ಹೊತ್ತಿನಲ್ಲಿ ಕೇಳಿದರೆ ಈ ಇಳಿತ ಕಿವಿಗೆ ಬೀಳುವುದೇ ಇಲ್ಲ.

ಈಗ ಒಂದು ಲೆಕ್ಕ ಹಾಕೋಣ. ಚೊಚ್ಚಲ ಬಸುರಿಯೊಬ್ಬಳು ಬೆಳಗ್ಗೆ 9ಕ್ಕೆ ಪಿಎಚ್‌ಸಿಗೆ ಬಂದಿದ್ದಾಳೆ ಅನ್ನಿ. ಬಾಯಿ ಐದು ಸೆಂಟಿಮೀಟರ್, ಹತ್ತು ನಿಮಿಷಕ್ಕೆ ಮೂರು ನೋವು, ಮಗುವಿನ ಎದೆಬಡಿತ 138. ಗುರುತು ಐದರ ಸಾಲಿನಲ್ಲಿ ಅಲರ್ಟ್ ಲೈನಿನ ಮೇಲೆ ಬಿತ್ತು. ಗೆರೆಯ ಪ್ರಕಾರ 11ಕ್ಕೆ ಏಳು, ಮಧ್ಯಾಹ್ನ 1ಕ್ಕೆ ಒಂಬತ್ತು, 2ಕ್ಕೆ ಹತ್ತು ಆಗಬೇಕು. 1 ಗಂಟೆಗೆ ನೋಡಿದರೆ ಏಳು. ನೋವು ಎರಡಕ್ಕೆ ಇಳಿದಿದೆ, ಒಂದೊಂದೂ 25 ಸೆಕೆಂಡ್. ನೀರು ಒಡೆದಿದೆ, ತಿಳಿಯಾಗಿದೆ, ಎದೆಬಡಿತ 136. ಏಳರ ಸಾಲಿನಲ್ಲಿ ಅಲರ್ಟ್ ಲೈನ್ 11 ಗಂಟೆಗಿತ್ತು, ಆ್ಯಕ್ಷನ್ ಲೈನ್ 3 ಗಂಟೆಗಿದೆ. ಅಂದರೆ ಆಕೆ ಎರಡು ಗೆರೆಗಳ ನಟ್ಟನಡುವೆ ಇದ್ದಾಳೆ. ತಾಯಿ ಮಗು ಇಬ್ಬರೂ ಚೆನ್ನಾಗಿಯೇ ಇದ್ದಾರೆ. ಕೋಣೆಯಲ್ಲಿರುವ ಯಾರಿಗೂ ಗಾಬರಿ ಇಲ್ಲ.

ಈ ಗಾಬರಿಯಿಲ್ಲದ ಹೊತ್ತೇ ಹೊರಡುವ ಹೊತ್ತು. ಆಂಬುಲೆನ್ಸ್ ಬರಲು 40 ನಿಮಿಷ, ಘಟ್ಟದ ರಸ್ತೆಯಲ್ಲಿ ತಾಲ್ಲೂಕು ಆಸ್ಪತ್ರೆಗೆ ಒಂದೂವರೆ ಗಂಟೆ ಎಂದಿಟ್ಟುಕೊಳ್ಳಿ. 1 ಗಂಟೆಗೇ 108ಕ್ಕೆ ಫೋನ್ ಮಾಡಿದರೆ ಮುಟ್ಟುವುದು 3.10ಕ್ಕೆ, ಹೆಚ್ಚುಕಡಿಮೆ ಆ್ಯಕ್ಷನ್ ಲೈನಿನ ಹೊತ್ತಿಗೆ. ‘ಇನ್ನೊಂದು ಪರೀಕ್ಷೆ ನೋಡೋಣ’ ಎಂದು ಕಾದರೆ ಏನಾಗುತ್ತದೆ ನೋಡಿ. 5 ಗಂಟೆಗೆ ಎಂಟು ಸೆಂಟಿಮೀಟರ್ ಇದೆ ಅನ್ನಿ. ಎಂಟರ ಸಾಲಿನಲ್ಲಿ ಆ್ಯಕ್ಷನ್ ಲೈನ್ ಇದ್ದದ್ದು 4ಕ್ಕೆ, ಅದು ದಾಟಿ ಒಂದು ಗಂಟೆಯಾಗಿದೆ. ಆಗ ಫೋನ್ ಮಾಡಿದರೆ ಆಸ್ಪತ್ರೆ ಮುಟ್ಟುವುದು ಸಂಜೆ 7.10. ಥಿಯೇಟರ್ ಸಿದ್ಧವಾಗಲು, ಅರಿವಳಿಕೆ ವೈದ್ಯರು ಬರಲು ಬೇಕಾಗುವ ಹೊತ್ತು ಇದರ ಮೇಲೆ. ನಾಲ್ಕು ಗಂಟೆಗಳ ಅಂತರದಲ್ಲಿ ನಿಮ್ಮ ಊರಿನ ರಸ್ತೆ ಎಷ್ಟು ತಿನ್ನುತ್ತದೆ ಎಂಬುದನ್ನು ಪ್ರತಿ ಹೆರಿಗೆ ಕೋಣೆಯೂ ಮೊದಲೇ ಲೆಕ್ಕ ಹಾಕಿಟ್ಟುಕೊಂಡಿರಬೇಕು. ಮಳೆಗಾಲಕ್ಕೆ ಬೇರೆ ಲೆಕ್ಕ.

ಆಂಬುಲೆನ್ಸ್ ಬರುವವರೆಗಿನ 40 ನಿಮಿಷದಲ್ಲಿ ಮಾಡಬೇಕಾದ ಒಂದು ಕೆಲಸ ತೀರಾ ಸರಳ. ಮೂತ್ರ ಮಾಡಿಸುವುದು. ತುಂಬಿದ ಮೂತ್ರಕೋಶ ಮಗುವಿನ ತಲೆ ಇಳಿಯಲು ಅಡ್ಡಬರುತ್ತದೆ, ನೋವೂ ಮಂಕಾಗುತ್ತದೆ. ಗಂಟೆಗಟ್ಟಲೆ ಮಲಗಿರುವವಳಿಗೆ ನೆನಪಿಸದೆ ಹೋದರೆ ಆಕೆ ಹೇಳುವುದಿಲ್ಲ.

ಮಾಡಬಾರದ ಕೆಲಸವೂ ಒಂದಿದೆ: ನೋವು ಬರಿಸುವ ಇಂಜೆಕ್ಷನ್, ಅಂದರೆ ಆಕ್ಸಿಟೋಸಿನ್. ಗುರುತುಗಳು ಏರದೆ ಚಪ್ಪಟೆಯಾದಾಗ ಡ್ರಿಪ್ಪಿಗೆ ಒಂದಿಷ್ಟು ಸೇರಿಸೋಣ ಎಂಬ ಆಸೆ ಹುಟ್ಟುತ್ತದೆ, ಮನೆಯವರೂ ಕೇಳುತ್ತಾರೆ. ಗುರುತು ಚಪ್ಪಟೆಯಾಗಲು ನೋವು ಸಾಲದಿರುವುದು ಒಂದು ಕಾರಣ. ಮಗುವಿನ ತಲೆಗೆ ದಾರಿ ಸಾಲದಿರುವುದು ಇನ್ನೊಂದು. ದಾರಿ ಇಲ್ಲದ ಕಡೆ ನೋವು ಹೆಚ್ಚಿಸಿದರೆ ಗರ್ಭಕೋಶವೇ ಹರಿಯಬಹುದು. ಹಾಳೆ ಸ್ವಲ್ಪ ಸುಳಿವು ಕೊಡುತ್ತದೆ. ಚೌಕುಳಿಗಳು ಕಪ್ಪಾಗಿ, ಹತ್ತು ನಿಮಿಷಕ್ಕೆ ನಾಲ್ಕೈದು ನೋವು ಇದ್ದೂ ಬಾಯಿ ತೆರೆಯದಿದ್ದರೆ ಅಡ್ಡಿಯ ಅನುಮಾನ ಗಟ್ಟಿ. ತಲೆಬುರುಡೆಯ ಎಲುಬುಗಳು ಒಂದರ ಮೇಲೊಂದು ಏರಿದ್ದರೆ, ನೆತ್ತಿ ಊದಿದ್ದರೆ ಇನ್ನೂ ಗಟ್ಟಿ. ಆದರೆ ನೋವು ಕಡಿಮೆ ಇದೆ ಎಂದಮಾತ್ರಕ್ಕೆ ಅಡ್ಡಿ ಇಲ್ಲ ಎನ್ನಲು ಬರುವುದಿಲ್ಲ. ಚೊಚ್ಚಲಲ್ಲಿ ಅಡ್ಡಿ ಎದುರಾದ ಗರ್ಭಕೋಶ ಸೋತು ಸುಮ್ಮನಾಗುವುದೂ ಉಂಟು. ಪಿಎಚ್‌ಸಿಯಲ್ಲಿ ಆಕ್ಸಿಟೋಸಿನ್ನಿನ ಜಾಗ ಮಗು ಹೊರಬಂದ ಮೇಲೆ, ರಕ್ತಸ್ರಾವ ತಡೆಯಲು ಕೊಡುವ 10 ಯೂನಿಟ್.

ಗೆರೆ ದಾಟುವುದನ್ನು ಕಾಯದೆ ಕಳಿಸಬೇಕಾದ ಸಂದರ್ಭಗಳೂ ಇವೆ. ನಮ್ಮ ನಮೂನೆಯ ಪ್ರಕಾರ ಎದೆಬಡಿತ 120ಕ್ಕಿಂತ ಕೆಳಗೆ ಅಥವಾ 160ಕ್ಕಿಂತ ಮೇಲೆ ನಿಂತರೆ (ವಿಶ್ವ ಆರೋಗ್ಯ ಸಂಸ್ಥೆಯ ಕೆಳ ಮಿತಿ 110) ಎಡಮಗ್ಗುಲಾಗಿ ಮಲಗಿಸಿ ಮತ್ತೆ ಎಣಿಸಬೇಕು, ಸರಿಹೋಗದಿದ್ದರೆ ಹೊರಡಿಸಬೇಕು. ನೀರಿನ ಸಾಲಿನಲ್ಲಿ ‘ಸಿ’ ಅಂದರೆ ತಿಳಿ, ‘ಎಂ’ ಅಂದರೆ ಮಗು ಒಳಗೇ ಮಲ ಮಾಡಿದ ಹಸಿರು ನೀರು, ‘ಬಿ’ ಅಂದರೆ ರಕ್ತ ಬೆರೆತದ್ದು. ಗಟ್ಟಿಯಾದ ಹಸಿರು ನೀರು ಕಂಡಾಗ, ರಕ್ತ ಹೋಗುತ್ತಿರುವಾಗ, ತಾಯಿಗೆ ಜ್ವರ ಬಂದಾಗ ಅಥವಾ ಬಿಪಿ 140/90 ದಾಟಿದಾಗ ಗುರುತು ಅಲರ್ಟ್ ಲೈನಿನ ಎಡಕ್ಕೇ ಇದ್ದರೂ ಸಮಾಧಾನ ಪಡುವಂತಿಲ್ಲ. ಇದಕ್ಕೆ ತಿರುಗುಮುರುಗಾದ ಸಂದರ್ಭವೂ ಉಂಟು. ಮೂರನೆಯ ಹೆರಿಗೆಯವಳು, ಒಂಬತ್ತು ಸೆಂಟಿಮೀಟರ್, ಜೋರು ನೋವು, ತಲೆ ಕೆಳಗಿಳಿದಿದೆ, ಗೆರೆಯಿಂದ ಅರ್ಧ ಗಂಟೆ ಬಲಕ್ಕೆ ಸರಿದಿದ್ದಾಳೆ. ಅವಳನ್ನು ಗಾಡಿ ಹತ್ತಿಸಿದರೆ ಹೆರಿಗೆ ರಸ್ತೆಯಲ್ಲಾಗುತ್ತದೆ. ಗೆರೆ ಕೇಳುವುದು ಒಂದು ನಿರ್ಧಾರವನ್ನು. ನಿರ್ಧಾರ ಮಾಡುವುದು ಅದರ ಕೆಲಸವಲ್ಲ.

ಗೆರೆಗಳ ಮೇಲೆಯೇ ಆಕ್ಷೇಪವಿದೆ, ಅದು ನ್ಯಾಯವಾದದ್ದೂ ಹೌದು. ಗಂಟೆಗೆ ಒಂದು ಸೆಂಟಿಮೀಟರಿಗಿಂತ ನಿಧಾನವಾಗಿ ಸಾಗಿ ಸುಖವಾಗಿ ಹೆರುವವರು ಬಹಳ. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೆರಿಗೆಯ ಚುರುಕಿನ ಹಂತವನ್ನು ಐದು ಸೆಂಟಿಮೀಟರಿನಿಂದ ಲೆಕ್ಕ ಹಾಕಬೇಕೆಂದಿತು. 2020ರಲ್ಲಿ ಅದು ತಂದ ಲೇಬರ್ ಕೇರ್ ಗೈಡ್‌ನಲ್ಲಿ ಓರೆಗೆರೆಗಳೇ ಇಲ್ಲ. ಒಂದೊಂದು ಅಳತೆಗೂ ಕಾಯಬಹುದಾದ ಹೊತ್ತು ಬೇರೆ: ಐದರಲ್ಲಿ ಆರು ಗಂಟೆ, ಆರರಲ್ಲಿ ಐದು, ಏಳರಲ್ಲಿ ಮೂರು, ಎಂಟರಲ್ಲಿ ಎರಡೂವರೆ, ಒಂಬತ್ತರಲ್ಲಿ ಎರಡು. ಮೇಲಿನ ಲೆಕ್ಕದ ಹುಡುಗಿಗೆ ಈ ಹಾಳೆ ಹಾಕಿದರೆ 1 ಗಂಟೆಗೆ ಎಚ್ಚರಿಕೆ ಇಲ್ಲ. ಏಳರಲ್ಲೇ ನಿಂತರೆ 4 ಗಂಟೆಗೆ ಬರುತ್ತದೆ. ಥಿಯೇಟರ್ ಪಕ್ಕದಲ್ಲೇ ಇರುವ ಆಸ್ಪತ್ರೆಗೆ ಇದು ಒಳ್ಳೆಯದು, ಬೇಡದ ಸಿಸೇರಿಯನ್ ತಪ್ಪುತ್ತದೆ. ಎರಡು ಗಂಟೆ ದೂರದ ಪಿಎಚ್‌ಸಿಯಲ್ಲಿ ಆ ಎರಡು ಗಂಟೆಯನ್ನು ಎಚ್ಚರಿಕೆಯ ಹೊತ್ತಿನಿಂದ ಕಳೆದೇ ನೋಡಬೇಕಾಗುತ್ತದೆ.

ಯಾವ ಹಾಳೆಯಾದರೂ ಹೆರಿಗೆ ಮುಗಿದ ಮೇಲೆ ತುಂಬಿದರೆ ಕಸ. ಹಾಗೆ ತುಂಬಿದ್ದನ್ನು ಗುರುತಿಸುವುದು ಕಷ್ಟವಲ್ಲ. ಕತ್ತರಿ ಗುರುತುಗಳೆಲ್ಲ ಅಲರ್ಟ್ ಲೈನಿನ ಮೇಲೆ ದಾರ ಪೋಣಿಸಿದಂತೆ ಕೂತಿರುತ್ತವೆ, ಎದೆಬಡಿತ ಆರು ಗಂಟೆಯೂ 140, ಒಂದೇ ಪೆನ್ನು, ಒಂದೇ ಒತ್ತು. ನಿಜವಾದ ಹಾಳೆಯಲ್ಲಿ 132, 144, 138 ಎಂದು ಅಂಕಿ ಕುಣಿಯುತ್ತದೆ, ಡ್ಯೂಟಿ ಬದಲಾದ ಕಡೆ ಅಕ್ಷರವೂ ಬದಲಾಗುತ್ತದೆ.

ಕಳಿಸುವಾಗ ರೆಫರಲ್ ಚೀಟಿಯಲ್ಲಿ ‘ಹೆರಿಗೆ ಮುಂದುವರಿಯುತ್ತಿಲ್ಲ’ ಎಂದಷ್ಟೇ ಬರೆದರೆ ಅಲ್ಲಿನ ವೈದ್ಯರು ಮತ್ತೆ ಮೊದಲಿನಿಂದ ನಾಲ್ಕು ಗಂಟೆ ಕಾಯುವ ಸಂಭವವಿದೆ. ಪಾರ್ಟೋಗ್ರಾಫಿನ ನಕಲು ತಾಯಿ ಕಾರ್ಡಿನ ಜೊತೆ ಹೋಗಬೇಕು. ಮೊದಲೇ ಫೋನ್ ಮಾಡಿ ‘9ಕ್ಕೆ ಐದು, 1ಕ್ಕೆ ಏಳು, ನೋವು ಎರಡು, ಆಕ್ಸಿಟೋಸಿನ್ ಕೊಟ್ಟಿಲ್ಲ’ ಎಂದು ತಿಳಿಸಿರಬೇಕು. ಕೈಗೆ ಐವಿ ಸೂಜಿ ಹಾಕಿ, ಎಡಮಗ್ಗುಲಾಗಿ ಮಲಗಿಸಿ, ಹೆರಿಗೆ ಕಿಟ್ ಹಿಡಿದ ನರ್ಸ್ ಜೊತೆಗೆ ಹತ್ತಬೇಕು. ಹಾಳೆ ಗಾಡಿಯಲ್ಲೂ ಮುಂದುವರಿಯುತ್ತದೆ. ಅರ್ಧ ಗಂಟೆಗೊಮ್ಮೆ ರಸ್ತೆ ಬದಿಗೆ ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ, ಎದೆಬಡಿತ ಎಣಿಸಿ ಬರೆಯುವುದು. ಎಂಜಿನ್ ಸದ್ದಿನಲ್ಲಿ ಫೀಟೋಸ್ಕೋಪ್ ಹಿಡಿದರೆ ಏನೂ ಕೇಳಿಸುವುದಿಲ್ಲ.